ಸಾರಾಂಶಗಳಿಂದ ಗೋಷ್ಠಿಗೆ, ಗೋಷ್ಠಿಯಿಂದ ಅಚ್ಚಿನ ಪುಸ್ತಿಕೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿ ಮತ್ತು ಘಟ್ಟದ ಮೇಲಿನ ಕಾಲೇಜುಗಳಲ್ಲಿ ವಿಚಾರ ಸಂಕಿರಣ ಏರ್ಪಡಿಸುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಉದಾಹರಣೆಯಾಗಿ ಕಾರವಾರದ ಕಾಲೇಜೊಂದರಲ್ಲಿ ಅಳಿವೆ ಮತ್ತು ಕರಾವಳಿಯ ಬದುಕಿನ ಬಗ್ಗೆ ಎರಡು ದಿನಗಳ ಸಂಕಿರಣ ನಡೆಯಲಿದೆ, ಎರಡು ಸಭಾಂಗಣಗಳಿವೆ, 44 ಸಾರಾಂಶಗಳು ಆಯ್ಕೆಯಾಗಿವೆ ಎಂದು ಇಟ್ಟುಕೊಳ್ಳೋಣ. ಇದು ಕಲ್ಪಿತ ಸಂಕಿರಣವಾದರೂ ಇದರ ತೊಡಕುಗಳು ನಮ್ಮ ಜಿಲ್ಲೆಯಲ್ಲಿ ನಿಜವಾಗಿ ಎದುರಾಗುವಂಥವು.

ಸಾರಾಂಶಗಳು ಬಂದು ಸೇರಿದ ಮೇಲೆ ಮೊದಲು ಮಾಡಬೇಕಾದದ್ದೇನು?

ಒಂದೇ ಒಂದು ಮೂಲ ಕೋಷ್ಟಕವನ್ನು ತೆರೆಯಬೇಕು. ಪ್ರತಿ ಸಾರಾಂಶಕ್ಕೆ ಒಂದು ಸಾಲು; ಆ ಸಾಲಿನಲ್ಲಿ ಸ್ವೀಕೃತಿ ಸಂಖ್ಯೆ, ಶೀರ್ಷಿಕೆ, ಲೇಖಕರೆಲ್ಲರ ಹೆಸರು, ಮಂಡಿಸುವವರು ಯಾರು, ಅವರ ಮೊಬೈಲ್ ಸಂಖ್ಯೆ, ಸಂಸ್ಥೆ, ಊರು, ಸಾರಾಂಶದ ಪಠ್ಯ ಇವೆಲ್ಲ ಬೇರೆ ಬೇರೆ ಅಂಕಣಗಳಲ್ಲಿ ಇರಬೇಕು. ಇವುಗಳ ಜೊತೆಗೆ ಸಂಘಟಕರೇ ತುಂಬುವ ಎರಡು ಅಂಕಣಗಳನ್ನು ಸೇರಿಸಿ: ‘ಈ ಪ್ರಬಂಧ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತದೆ’ ಎಂಬುದು ಒಂದು, ‘ಇಲ್ಲಿ ಜಾಗವಿಲ್ಲದಿದ್ದರೆ ಇನ್ನೆಲ್ಲಿ ಹೊಂದುತ್ತದೆ’ ಎಂಬುದು ಇನ್ನೊಂದು. ಎರಡನೆಯ ಅಂಕಣವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆದರೆ ಕೊನೆಗೆ ಗೋಷ್ಠಿಗಳ ಸಂಖ್ಯೆ ಹೊಂದಿಕೆಯಾಗುವುದು ಅದರಿಂದಲೇ.

ಸ್ವೀಕೃತಿ ಸಂಖ್ಯೆಯನ್ನು ಒಮ್ಮೆ ಕೊಟ್ಟ ಮೇಲೆ ಎಂದೂ ಬದಲಿಸಬಾರದು. ಕಾರ್ಯಕ್ರಮದಲ್ಲಿ ಪ್ರಬಂಧದ ಸ್ಥಾನವನ್ನು ತಿಳಿಸುವ ಸಂಕೇತ ಬೇರೆಯೇ ಇರಬೇಕು, ಏಕೆಂದರೆ ಅಚ್ಚಿಗೆ ಹೋಗುವವರೆಗೂ ಅದು ಬದಲಾಗುತ್ತಲೇ ಇರುತ್ತದೆ. ಎರಡನ್ನೂ ಒಂದಾಗಿಸಿದರೆ, 17ನೆಯ ಪ್ರಬಂಧ ಹಿಂದೆಗೆದ ದಿನ 18ರಿಂದ 44ರವರೆಗಿನ ಎಲ್ಲರಿಗೂ ಹೊಸ ಸಂಖ್ಯೆ ಸಿಗುತ್ತದೆ, ಮತ್ತು ಅದುವರೆಗೆ ನಡೆದ ಪತ್ರವ್ಯವಹಾರ ಯಾವ ಪ್ರಬಂಧದ್ದೆಂದು ಯಾರಿಗೂ ತಿಳಿಯದಂತಾಗುತ್ತದೆ.

ಎಷ್ಟು ಗೋಷ್ಠಿಗಳು ಬೇಕೆಂದು ಹೇಗೆ ಲೆಕ್ಕ ಹಾಕುವುದು?

ವಿಷಯದಿಂದ ಆರಂಭಿಸದೆ ಸಮಯದಿಂದ ಆರಂಭಿಸಬೇಕು. ಮಂಡನೆಗೆ 15 ನಿಮಿಷ, ಪ್ರಶ್ನೆಗಳಿಗೆ 5 ನಿಮಿಷ ಎಂದಿಟ್ಟರೆ ಒಂದು ಪ್ರಬಂಧಕ್ಕೆ 20 ನಿಮಿಷ ಬೇಕು. 90 ನಿಮಿಷದ ಗೋಷ್ಠಿಯಲ್ಲಿ ನಾಲ್ಕು ಪ್ರಬಂಧಗಳು ಮುಗಿದು, ಅಧ್ಯಕ್ಷರ ಮಾತಿಗೆ ಮತ್ತು ಪೆನ್ ಡ್ರೈವ್ ಬದಲಿಸುವ ಗಡಿಬಿಡಿಗೆ 10 ನಿಮಿಷ ಉಳಿಯುತ್ತದೆ. ಐದನೆಯ ಪ್ರಬಂಧವನ್ನು ತುರುಕುವ ಆಸೆ ಎಲ್ಲರಿಗೂ ಆಗುತ್ತದೆ; ತುರುಕಿದರೆ ಮೊದಲು ಕರಗುವುದು ಪ್ರಶ್ನೋತ್ತರದ ಸಮಯ.

ನಮ್ಮ ಉದಾಹರಣೆಯಲ್ಲಿ ಮೊದಲ ದಿನ ಬೆಳಗಿನ ಹೊತ್ತು ಉದ್ಘಾಟನೆ ಮತ್ತು ದಿಕ್ಸೂಚಿ ಭಾಷಣಕ್ಕೆ ಹೋಗುತ್ತದೆ. ಮಧ್ಯಾಹ್ನ 2ರಿಂದ 3.30 ಮತ್ತು 3.45ರಿಂದ 5.15, ಎರಡನೆಯ ದಿನ 9.30ರಿಂದ 11 ಮತ್ತು 11.15ರಿಂದ 12.45, ಹೀಗೆ ನಾಲ್ಕು ಅವಧಿಗಳಲ್ಲಿ ಎರಡೂ ಸಭಾಂಗಣಗಳನ್ನು ಬಳಸಿದರೆ ಎಂಟು ಗೋಷ್ಠಿಗಳಾಗುತ್ತವೆ. ಎರಡನೆಯ ದಿನ ಮಧ್ಯಾಹ್ನ ಎಲ್ಲರೂ ಒಂದೇ ಸಭಾಂಗಣದಲ್ಲಿ ಕೂರುವ ಒಂಬತ್ತನೆಯ ಗೋಷ್ಠಿ, ಅದರ ಬೆನ್ನಿಗೆ ಸಮಾರೋಪ. ಒಂಬತ್ತು ಗೋಷ್ಠಿಗಳಲ್ಲಿ 36 ಪ್ರಬಂಧಗಳಿಗೆ ಜಾಗವಿದೆ. ಉಳಿದ ಎಂಟನ್ನು ಭಿತ್ತಿಪತ್ರಗಳಾಗಿ ಪ್ರದರ್ಶಿಸಬೇಕು. ಭಿತ್ತಿಪತ್ರಕ್ಕೆ ಆರಿಸುವಾಗ ಗುಣಮಟ್ಟದ ಅಳತೆಗಿಂತ ಸ್ವರೂಪದ ಅಳತೆ ಒಳ್ಳೆಯದು: ನಕ್ಷೆ, ಪ್ರಭೇದಗಳ ಪಟ್ಟಿ, ಛಾಯಾಚಿತ್ರ ಇವೇ ಮುಖ್ಯವಾಗಿರುವ ಪ್ರಬಂಧಗಳು ಗೋಡೆಯ ಮೇಲೆ ಹೆಚ್ಚು ಚೆನ್ನಾಗಿ ಓದಿಸಿಕೊಳ್ಳುತ್ತವೆ.

ಒಂದೇ ಸ್ಥಳದ ಬಗ್ಗೆ ಇರುವ ಪ್ರಬಂಧಗಳನ್ನೆಲ್ಲ ಒಂದೇ ಗೋಷ್ಠಿಯಲ್ಲಿ ಹಾಕಬಹುದಲ್ಲವೇ?

ಹಾಕಬಹುದು, ಆದರೆ ಅದರಿಂದ ಕೇಳುಗರಿಗೆ ಅನುಕೂಲವಾಗುವುದಿಲ್ಲ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ತಾಣವೆಂದು ಘೋಷಣೆಯಾದ ಮೇಲೆ ಆ ಹೆಸರು ಸಾರಾಂಶದ ಮೊದಲ ವಾಕ್ಯದಲ್ಲೇ ಬರುವುದು ಸಹಜ. ನಮ್ಮ ಉದಾಹರಣೆಯಲ್ಲಿ 13 ಮಂಡನೆಗಳ ಶೀರ್ಷಿಕೆಯಲ್ಲಿ ಅಘನಾಶಿನಿ ಇದೆ ಎನ್ನೋಣ. ಅವನ್ನು ಸ್ಥಳದ ಹೆಸರಿನ ಮೇಲೆ ಗುಂಪು ಮಾಡಿದರೆ ಬಳಚಿನ ಸಂತಾನೋತ್ಪತ್ತಿ, ಸಾಣಿಕಟ್ಟೆಯ ಉಪ್ಪಿನಾಗರದ ಇತಿಹಾಸ, ಕಾಂಡ್ಲಾ ಗಿಡಗಳ ಬುಡದ ಮಣ್ಣಿನ ಇಂಗಾಲ ಇವು ಅಕ್ಕಪಕ್ಕ ಬಂದು ಕೂರುತ್ತವೆ. ಒಂದಕ್ಕೆ ಪ್ರಶ್ನೆ ಕೇಳಬಲ್ಲವರು ಮುಂದಿನದಕ್ಕೆ ಎದ್ದು ಹೋಗುತ್ತಾರೆ.

ಆದ್ದರಿಂದ ‘ಯಾವ ಪ್ರಶ್ನೆ’ ಎಂಬ ಅಂಕಣವನ್ನು ಮುಂದಿಟ್ಟುಕೊಂಡು ಮತ್ತೊಮ್ಮೆ ಓದಬೇಕು. ಆಗ ಆ 13ರಲ್ಲಿ ಬಳಚಿನ ಜೀವಶಾಸ್ತ್ರದ ನಾಲ್ಕು, ಕಾಂಡ್ಲಾ ಕಾಡಿನ ಮೂರು, ಗಜನಿ ಭೂಮಿ ಮತ್ತು ಕಗ್ಗ ಭತ್ತದ ಮೂರು, ಮೀನುಗಾರ ಕುಟುಂಬಗಳ ದುಡಿಮೆಯ ಎರಡು, ಉಪ್ಪಿನಾಗರದ ಒಂದು ಎಂದು ಬೇರ್ಪಡುತ್ತವೆ. ಬಳಚಿನ ನಾಲ್ಕು ತಾನಾಗಿಯೇ ಒಂದು ಗೋಷ್ಠಿ. ಕಾಂಡ್ಲಾದ ಮೂರಕ್ಕೆ ಕಾರವಾರದ ಕಾಳಿ ಅಳಿವೆಯ ಕಾಂಡ್ಲಾ ಬಗ್ಗೆ ಬಂದಿರುವ ಇನ್ನೊಂದು ಪ್ರಬಂಧ ಸೇರಿ ನಾಲ್ಕಾಗುತ್ತದೆ, ಮತ್ತು ಎರಡು ಅಳಿವೆಗಳ ಹೋಲಿಕೆಯೂ ಆ ಗೋಷ್ಠಿಯಲ್ಲಿ ಸಹಜವಾಗಿ ನಡೆಯುತ್ತದೆ. ಮೀನುಗಾರರ ಎರಡಕ್ಕೆ ಹೊನ್ನಾವರ ಮತ್ತು ಭಟ್ಕಳದ ಕಡೆಯ ಎರಡು ಸೇರುತ್ತವೆ.

ಉಪ್ಪಿನಾಗರದ ಪ್ರಬಂಧ ಮಾತ್ರ ಒಂಟಿಯಾಗಿ ಉಳಿಯುತ್ತದೆ. ಇತಿಹಾಸದ ಗೋಷ್ಠಿಗೆ ಹಾಕೋಣವೆಂದರೆ ಅಂಥ ಗೋಷ್ಠಿಯೇ ಇಲ್ಲ. ಇಲ್ಲಿಯೇ ಎರಡನೆಯ ಅಂಕಣ ಕೆಲಸಕ್ಕೆ ಬರುತ್ತದೆ. ಗಜನಿಯಲ್ಲಿ ಭತ್ತ ಬೆಳೆಯುವುದಕ್ಕೂ ಆಗರದಲ್ಲಿ ಉಪ್ಪು ತೆಗೆಯುವುದಕ್ಕೂ ಭರತದ ನೀರನ್ನು ಒಡ್ಡು ಹಾಕಿ ಹಿಡಿತದಲ್ಲಿಡುವುದೇ ಆಧಾರವಾದ್ದರಿಂದ, ಈ ನಾಲ್ಕೂ ಒಂದೇ ಗೋಷ್ಠಿಯಲ್ಲಿ ಕೂರುತ್ತವೆ, ಮತ್ತು ಅದಕ್ಕೆ ‘ಒಡ್ಡು, ಉಪ್ಪು, ಭತ್ತ’ ಎಂಬ ಹೆಸರು ಕೊಟ್ಟರೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ಹೀಗೆ 13 ಪ್ರಬಂಧಗಳು ಹೊರಗಿನ ಮೂರನ್ನು ಸೇರಿಸಿಕೊಂಡು ಸರಿಯಾಗಿ ನಾಲ್ಕು ಗೋಷ್ಠಿಗಳಾದವು. ಉಳಿದ 20ಕ್ಕೂ ಇದೇ ಕ್ರಮ. ಎಲ್ಲ ಪ್ರಯತ್ನದ ನಂತರವೂ ಮೂರು ನಾಲ್ಕು ಪ್ರಬಂಧಗಳು ಎಲ್ಲಿಯೂ ಹೊಂದದೆ ಉಳಿದರೆ ‘ಇತರ ವಿಷಯಗಳು’ ಎಂಬ ಗೋಷ್ಠಿಯನ್ನು ತೆರೆಯಬೇಡಿ, ಆ ಹೆಸರಿನ ಗೋಷ್ಠಿಗೆ ಕೇಳುಗರು ಬರುವುದಿಲ್ಲ. ಎಲ್ಲರೂ ಒಂದೇ ಕಡೆ ಸೇರುವ ಒಂಬತ್ತನೆಯ ಗೋಷ್ಠಿಯಲ್ಲಿ ಅವನ್ನು ಇಡಿ.

ಒಂದು ಗೋಷ್ಠಿಯೊಳಗೆ ಪ್ರಬಂಧಗಳ ಕ್ರಮ ಹೇಗಿರಬೇಕು?

ಹಿನ್ನೆಲೆಯನ್ನು ವಿಸ್ತಾರವಾಗಿ ಕೊಡುವ ಪ್ರಬಂಧ ಮೊದಲು ಬಂದರೆ ಉಳಿದವರು ಅದನ್ನೇ ಮತ್ತೆ ಹೇಳುವುದು ತಪ್ಪುತ್ತದೆ. ಪರಸ್ಪರ ಒಪ್ಪದ ಫಲಿತಾಂಶಗಳಿರುವ ಎರಡು ಪ್ರಬಂಧಗಳನ್ನು ಒಂದರ ಹಿಂದೆ ಒಂದು ಇಡಬೇಕು, ಆಗ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. ಮೊದಲ ಬಾರಿ ಮಂಡಿಸುವ ವಿದ್ಯಾರ್ಥಿಗಳನ್ನು ಕೊನೆಯ ಸ್ಥಾನದಲ್ಲಿ ಇಡಬಾರದು, ಏಕೆಂದರೆ ಹಿಂದಿನವರು ಮೀರಿದ ಸಮಯವೆಲ್ಲ ಕೊನೆಯವರ ಪಾಲಿನಿಂದ ಕಡಿತವಾಗುತ್ತದೆ.

ಇವುಗಳ ಮೇಲೆ ಪ್ರಯಾಣದ ಕಟ್ಟುಪಾಡುಗಳೂ ಇವೆ. ಶಿರಸಿಯಿಂದ ಬೆಳಿಗ್ಗೆ ಹೊರಟು ದೇವಿಮನೆ ಘಟ್ಟ ಇಳಿದು ಕುಮಟಾ ಮೂಲಕ ಕಾರವಾರಕ್ಕೆ ಬರುವವರಿಗೆ 9.30ರ ಮೊದಲ ಸ್ಥಾನ ಕೊಟ್ಟರೆ, ಅವರು ಬರುವವರೆಗೆ ಸಭಾಂಗಣ ಕಾಯಬೇಕಾಗುತ್ತದೆ. ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಆ ಸ್ಥಾನವನ್ನು ಕಾರವಾರ, ಅಂಕೋಲಾದವರಿಗೆ ಅಥವಾ ಹಿಂದಿನ ರಾತ್ರಿ ಉಳಿಯುವವರಿಗೆ ಕೊಡಬೇಕು. ಸಮಾರೋಪದ ದಿನ ಮೇಲಿನ ಊರುಗಳಿಗೆ ಮರಳುವವರನ್ನು ಬೆಳಗಿನ ಅವಧಿಗಳಲ್ಲೇ ಮುಗಿಸುವುದು ಒಳ್ಳೆಯದು.

ಒಬ್ಬರೇ ಎರಡು ಸಭಾಂಗಣಗಳಲ್ಲಿ ಒಂದೇ ಹೊತ್ತಿಗೆ ಬರುವುದನ್ನು ಹೇಗೆ ಕಂಡುಹಿಡಿಯುವುದು?

ಕೋಷ್ಟಕದಲ್ಲಿ ಮಂಡಿಸುವವರ ಅಂಕಣ E, ಅವಧಿಯ ಅಂಕಣ G ಎಂದಾದರೆ, ಪಕ್ಕದ ಖಾಲಿ ಅಂಕಣದಲ್ಲಿ ಈ ಸೂತ್ರವನ್ನು ಬರೆದು ಕೆಳಗಿನವರೆಗೆ ಎಳೆಯಬೇಕು:

```
=COUNTIFS(E:E,E2,G:G,G2)
```

ಉತ್ತರ 1 ಇದ್ದರೆ ಸರಿ; 2 ಅಥವಾ ಹೆಚ್ಚು ಬಂದಲ್ಲಿ ಆ ವ್ಯಕ್ತಿಗೆ ಒಂದೇ ಅವಧಿಯಲ್ಲಿ ಎರಡು ಮಂಡನೆಗಳಿವೆ. ಆದರೆ ಈ ಸೂತ್ರ ಅಕ್ಷರಗಳನ್ನಷ್ಟೇ ಹೋಲಿಸುತ್ತದೆ. ಒಬ್ಬರೇ ಒಂದು ಕಡೆ ‘ಹೆಗಡೆ’ ಎಂದೂ ಇನ್ನೊಂದು ಕಡೆ ‘ಹೆಗ್ಡೆ’ ಎಂದೂ ಬರೆದಿದ್ದರೆ ಘರ್ಷಣೆ ಕಾಣುವುದಿಲ್ಲ; ಹೆಸರು ಮತ್ತು ಇನಿಷಿಯಲ್ ಒಂದೇ ಆಗಿರುವ ಇಬ್ಬರು ಭಟ್ಟರಿದ್ದರೆ ಇಲ್ಲದ ಘರ್ಷಣೆ ಕಾಣುತ್ತದೆ. ಹೀಗಾಗಿ ಹೋಲಿಕೆಗೆ ಹೆಸರಿನ ಬದಲು ಮೊಬೈಲ್ ಸಂಖ್ಯೆಯ ಅಂಕಣವನ್ನು ಬಳಸುವುದು ಹೆಚ್ಚು ಭದ್ರ. ಗೋಷ್ಠಿಯ ಅಧ್ಯಕ್ಷರನ್ನೂ ಇದೇ ಕೋಷ್ಟಕದಲ್ಲಿ ಸಾಲುಗಳಾಗಿ ಸೇರಿಸಿದರೆ, ತಮ್ಮದೇ ಮಂಡನೆಯ ಹೊತ್ತಿಗೆ ಅವರು ಬೇರೆ ಗೋಷ್ಠಿಯ ಅಧ್ಯಕ್ಷತೆ ವಹಿಸಬೇಕಾಗುವ ಮುಜುಗರವೂ ಮೊದಲೇ ಗೊತ್ತಾಗುತ್ತದೆ.

ಪ್ರಬಂಧದ ಸಂಕೇತ ಹೇಗಿದ್ದರೆ ಓದುಗರಿಗೆ ಸುಲಭ?

ಅವಧಿ, ಸಭಾಂಗಣ, ಸ್ಥಾನ ಈ ಮೂರೂ ಅದರಲ್ಲಿ ಇರಬೇಕು. ‘3ಮ-2’ ಎಂದರೆ ಮೂರನೆಯ ಅವಧಿ, ‘ಮ’ ಸಭಾಂಗಣ, ಎರಡನೆಯ ಪ್ರಬಂಧ. ಸಭಾಂಗಣಗಳಿಗೆ ಅ ಮತ್ತು ಆ ಎಂದು ಹೆಸರಿಡುವುದು ರೂಢಿಯಲ್ಲಿದ್ದರೂ ಸಣ್ಣ ಅಚ್ಚಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಕ ಮತ್ತು ಮ ಎಂದಿಟ್ಟರೆ ದೂರದಿಂದಲೂ ಗುರುತು ಸಿಗುತ್ತದೆ. ಭಿತ್ತಿಪತ್ರಗಳಿಗೆ ಭಿ-1ರಿಂದ ಭಿ-8.

ಪುಸ್ತಿಕೆಯಲ್ಲಿ ಪ್ರತಿ ಸಾರಾಂಶದ ವಿನ್ಯಾಸ ಒಂದೇ ಆಗಿರಲು ಏನು ಮಾಡಬೇಕು?

ಲೇಖಕರು ಕಳುಹಿಸಿದ ಕಡತಗಳನ್ನು ಒಂದರ ಕೆಳಗೊಂದು ಅಂಟಿಸಿ ಆಮೇಲೆ ಸರಿಪಡಿಸಲು ಹೋಗಬಾರದು. ಒಬ್ಬರು ಶೀರ್ಷಿಕೆಯನ್ನು ದಪ್ಪಗೆ ಬರೆದಿರುತ್ತಾರೆ, ಇನ್ನೊಬ್ಬರು ಅಡಿಗೆರೆ ಎಳೆದಿರುತ್ತಾರೆ, ಮತ್ತೊಬ್ಬರು ಸಂಸ್ಥೆಯನ್ನು ಹೆಸರಿನ ಮೇಲೆಯೇ ಹಾಕಿರುತ್ತಾರೆ. 44 ಕಡತಗಳ ಈ ವೈವಿಧ್ಯವನ್ನು ಕೈಯಿಂದ ಅಳಿಸುವಾಗ ಯಾವುದೋ ಒಂದು ಉಳಿದೇ ಉಳಿಯುತ್ತದೆ. ಪಠ್ಯವನ್ನೆಲ್ಲ ಮೂಲ ಕೋಷ್ಟಕಕ್ಕೆ ತಂದು, ಅಲ್ಲಿಂದ ಮೇಲ್ ಮರ್ಜ್ ಮೂಲಕ ಒಂದೇ ಅಚ್ಚಿಗೆ ಸುರಿಯುವುದು ಸರಿಯಾದ ದಾರಿ. ನಮೂದಿನ ಕ್ರಮವನ್ನು ಹೀಗೆ ಗೊತ್ತುಪಡಿಸಬಹುದು: ಮೊದಲ ಸಾಲಿನಲ್ಲಿ ಸಂಕೇತ, ಅದರ ಕೆಳಗೆ ದಪ್ಪಕ್ಷರದ ಶೀರ್ಷಿಕೆ, ಆಮೇಲೆ ಲೇಖಕರು, ಅವರಲ್ಲಿ ಮಂಡಿಸುವವರಿಗೆ ನಕ್ಷತ್ರದ ಗುರುತು, ನಂತರ ಸಣ್ಣ ಅಕ್ಷರದಲ್ಲಿ ಸಂಸ್ಥೆ ಮತ್ತು ಊರು, ಅರ್ಧ ಸಾಲಿನ ತೆರವು, ಸಾರಾಂಶ. ಈ ಪ್ರತಿಯೊಂದಕ್ಕೂ ಒಂದೊಂದು ಪ್ಯಾರಾಗ್ರಾಫ್ ಸ್ಟೈಲ್ ಇರಬೇಕು. ಅಂತರ ಬೇಕೆಂದಲ್ಲಿ ಖಾಲಿ ಎಂಟರ್ ಒತ್ತಬಾರದು.

ಈ ದಾರಿಯಲ್ಲಿ ಒಂದು ನಷ್ಟವಿದೆ. ಎಕ್ಸೆಲ್‌ನಿಂದ ವರ್ಡ್‌ಗೆ ಮರ್ಜ್ ಮಾಡುವಾಗ ಓರೆ ಅಕ್ಷರಗಳು ಉಳಿಯುವುದಿಲ್ಲ, ಆದ್ದರಿಂದ ಲ್ಯಾಟಿನ್ ಲಿಪಿಯಲ್ಲಿ ಓರೆಯಾಗಿ ಇರಬೇಕಾದ ಜೀವಿಗಳ ವೈಜ್ಞಾನಿಕ ಹೆಸರುಗಳು ನೇರವಾಗಿಬಿಡುತ್ತವೆ. ಕೋಷ್ಟಕದಲ್ಲೇ ಅಂಥ ಹೆಸರಿನ ಎರಡೂ ಬದಿಗೆ ## ಗುರುತು ಹಾಕಿಟ್ಟು, ಮರ್ಜ್ ಆದ ಮೇಲೆ ವರ್ಡ್‌ನ ಹುಡುಕಿ ಬದಲಿಸುವ ಕಿಟಕಿಯಲ್ಲಿ Use wildcards ಆರಿಸಿ, ಹುಡುಕುವ ಜಾಗದಲ್ಲಿ ಮೊದಲ ಸಾಲನ್ನೂ ಬದಲಿಸುವ ಜಾಗದಲ್ಲಿ ಎರಡನೆಯದನ್ನೂ ಬರೆದು, ಎರಡನೆಯದಕ್ಕೆ ಇಟಾಲಿಕ್ ಸ್ವರೂಪ ಕೊಟ್ಟರೆ ಎಲ್ಲವೂ ಒಮ್ಮೆಲೇ ಓರೆಯಾಗುತ್ತವೆ:

```
##(*)##
\1
```

ಕನ್ನಡ ಅಕ್ಷರಗಳನ್ನು ಮಾತ್ರ ಓರೆ ಮಾಡಬೇಡಿ. ಹೆಚ್ಚಿನ ಕನ್ನಡ ಫಾಂಟ್‌ಗಳಲ್ಲಿ ಪ್ರತ್ಯೇಕ ಓರೆ ರೂಪ ಇಲ್ಲದಿರುವುದರಿಂದ ತಂತ್ರಾಂಶ ಅಕ್ಷರವನ್ನು ಸುಮ್ಮನೆ ವಾಲಿಸುತ್ತದೆ, ಒತ್ತಕ್ಷರಗಳು ಪಕ್ಕದ ಅಕ್ಷರದ ಕೆಳಗೆ ಜಾರಿದಂತೆ ಕಾಣುತ್ತವೆ.

ಸಂಸ್ಥೆಯ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆದಿದ್ದರೆ?

ಸಂಸ್ಥೆಗಳಿಗೆ ಬೇರೆಯೇ ಒಂದು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಒಂದೇ ರೂಪವನ್ನು ನಿಗದಿ ಮಾಡಿ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ವಿಶೇಷ ಕಾರಣವಿದೆ. ಕಾರವಾರದ ಕಡಲ ಜೀವಶಾಸ್ತ್ರ ವಿಭಾಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಶಿರಸಿಯ ಅರಣ್ಯ ಮಹಾವಿದ್ಯಾಲಯ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಕೆಲವರು ಮಾತೃಸಂಸ್ಥೆಯ ಊರನ್ನೂ ಕೆಲವರು ತಾವಿರುವ ಊರನ್ನೂ ಬರೆದರೆ, ಒಂದೇ ಕೊಠಡಿಯಲ್ಲಿ ಕೆಲಸ ಮಾಡುವ ಇಬ್ಬರು ಪುಸ್ತಿಕೆಯಲ್ಲಿ ಬೇರೆ ಬೇರೆ ಊರಿನವರಾಗುತ್ತಾರೆ. ವಿಭಾಗ, ಸಂಸ್ಥೆ, ನಿಜವಾಗಿ ಕೆಲಸ ಮಾಡುವ ಊರು, ಈ ಕ್ರಮವೇ ಎಲ್ಲರಿಗೂ ಇರಲಿ.

ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ ಸಾರಾಂಶಗಳನ್ನು ಯೂನಿಕೋಡ್‌ಗೆ ತಂದಾಗ ಏಕೆ ಕೆಡುತ್ತವೆ?

ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲೇ ಕನ್ನಡದ ಆಕಾರಗಳನ್ನು ಕೂರಿಸಲಾಗಿದೆ. ಪರಿವರ್ತಕ ತಂತ್ರಾಂಶ ಆ ಸ್ಥಾನಗಳನ್ನು ನೋಡಿ ಯೂನಿಕೋಡ್ ಕನ್ನಡವನ್ನು ಬರೆಯುತ್ತದೆ, ಆದರೆ ನಡುವೆ ನಿಜವಾದ ಇಂಗ್ಲಿಷ್ ಪದವಿದ್ದರೆ ಅದನ್ನೂ ಕನ್ನಡವೆಂದೇ ತಿಳಿಯುತ್ತದೆ. ಆದ್ದರಿಂದ ವೈಜ್ಞಾನಿಕ ಹೆಸರು, ಅಳತೆಯ ಘಟಕ, ರಾಸಾಯನಿಕ ಸೂತ್ರ ಇವು ಪರಿವರ್ತನೆಯ ನಂತರ ಅರ್ಥವಿಲ್ಲದ ಕನ್ನಡ ಅಕ್ಷರಗಳ ಸಾಲಾಗುತ್ತವೆ. ಪರಿವರ್ತಿಸುವ ಮೊದಲು ಅವನ್ನು ಹೊರಗೆ ತೆಗೆದಿಟ್ಟು, ಆಮೇಲೆ ಮತ್ತೆ ಸೇರಿಸಬೇಕು. ಇನ್ನೊಂದು ಕೆಡುವ ಜಾಗ ಅರ್ಕಾವತ್ತು. ಹಳೆಯ ಫಾಂಟ್‌ಗಳಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ವ್ಯಂಜನದ ನಂತರ ದಾಖಲಾಗಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ ಮೊದಲು ಬರಬೇಕು. ‘ಕಾರ್ಯ’, ‘ವರ್ಷ’, ‘ನಿರ್ವಹಣೆ’ಯಂಥ ಪದಗಳನ್ನು ಹುಡುಕಿ ನೋಡಿದರೆ ಪರಿವರ್ತನೆ ನೆಟ್ಟಗಿದೆಯೇ ಇಲ್ಲವೇ ಬೇಗ ತಿಳಿಯುತ್ತದೆ.

ಮುದ್ರಣಾಲಯದಲ್ಲಿ ಇದೇ ಕೆಲಸ ಹಿಮ್ಮುಖವಾಗಿ ನಡೆಯುವ ಸಾಧ್ಯತೆಯೂ ಇದೆ. ಹಳೆಯ ಪೇಜ್‌ಮೇಕರ್ ಬಳಸುವ ಡಿಟಿಪಿಯವರು ನಿಮ್ಮ ಯೂನಿಕೋಡ್ ಪಠ್ಯವನ್ನು ಮತ್ತೆ ನುಡಿಗೆ ಬದಲಿಸಿದರೆ ನೀವು ನೋಡಿದ ಪ್ರೂಫ್‌ಗೆ ಬೆಲೆಯೇ ಉಳಿಯುವುದಿಲ್ಲ. ಫಾಂಟ್‌ಗಳು ಒಳಗೇ ಸೇರಿರುವ ಪಿಡಿಎಫ್ ಕೊಟ್ಟು, ಅದನ್ನೇ ಅಚ್ಚು ಮಾಡುವಂತೆ ಹೇಳಬೇಕು.

ಪುಟಗಳ ಲೆಕ್ಕ ಹೇಗೆ?

ಎ4 ಹಾಳೆಯನ್ನು ಮಡಚಿ ನಡುವೆ ಪಿನ್ ಹೊಡೆಯುವ ಎ5 ಪುಸ್ತಿಕೆಯ ಪುಟಗಳು ನಾಲ್ಕರ ಗುಣಕದಲ್ಲಿಯೇ ಇರಬೇಕು, ಏಕೆಂದರೆ ಒಂದು ಹಾಳೆಗೆ ನಾಲ್ಕು ಪುಟ. ಒಂದು ಪುಟಕ್ಕೆ ಒಂದು ಸಾರಾಂಶ ಎಂದಿಟ್ಟುಕೊಂಡರೆ ಕ್ರಮ ಬದಲಾದಾಗ ಪುಟಗಳನ್ನು ಹಾಗೆಯೇ ಎತ್ತಿಡಬಹುದು. 11 ಪಾಯಿಂಟ್ ಅಕ್ಷರ ಮತ್ತು ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ 15 ಪಾಯಿಂಟ್ ಸಾಲಿನ ಅಂತರ ಇಟ್ಟರೆ ಪುಟಕ್ಕೆ ಸುಮಾರು 33 ಸಾಲುಗಳು ಸಿಗುತ್ತವೆ. ಶೀರ್ಷಿಕೆ, ಹೆಸರು, ಸಂಸ್ಥೆ, ತೆರವು ಕಳೆದರೆ ಸಾರಾಂಶಕ್ಕೆ ಉಳಿಯುವುದು 24ರ ಆಸುಪಾಸು. ಆದ್ದರಿಂದ ಕನ್ನಡ ಸಾರಾಂಶಕ್ಕೆ 150 ಪದಗಳ ಮಿತಿಯನ್ನು ಆಹ್ವಾನ ಪತ್ರದಲ್ಲೇ ಹೇಳಬೇಕು. ಬಂದ ಮೇಲೆ ಕತ್ತರಿಸುವುದು ಲೇಖಕರಿಗೂ ಸಂಪಾದಕರಿಗೂ ಕಹಿ.

ನಮ್ಮ ಪುಸ್ತಿಕೆಯಲ್ಲಿ 1ನೆಯ ಪುಟ ಶೀರ್ಷಿಕೆ. ಎರಡು ದಿನಗಳ ವೇಳಾಪಟ್ಟಿ ಒಂದೇ ನೋಟಕ್ಕೆ ಎದುರುಬದುರು ಪುಟಗಳಲ್ಲಿ ಕಾಣಬೇಕಾದ್ದರಿಂದ ಅದಕ್ಕೆ 2 ಮತ್ತು 3. ಸಮಿತಿ ಹಾಗೂ ಸ್ಥಳದ ವಿವರ 4ರಲ್ಲಿ, ಗೋಷ್ಠಿಗಳ ವಿವರವಾದ ಪಟ್ಟಿ 5ರಿಂದ 10, ಸಾರಾಂಶಗಳು 11ರಿಂದ 54, ಲೇಖಕರ ಸೂಚಿ ಮೂರು ಪುಟ. ಒಟ್ಟು 57. ಹೀಗೆಯೇ ಬಿಟ್ಟರೆ 60 ಪುಟಗಳಾಗಿ ಮೂರು ಖಾಲಿ ಉಳಿಯುತ್ತವೆ. ಸೂಚಿಯನ್ನು ಎರಡು ಅಂಕಣಗಳಲ್ಲಿ ಕೂರಿಸಿ ಎರಡು ಪುಟಕ್ಕೆ ಇಳಿಸಿದರೆ 56 ಪುಟ, ಅಂದರೆ 14 ಹಾಳೆ, ಮೇಲೆ ದಪ್ಪ ಹೊದಿಕೆ. 14 ಹಾಳೆಗಳನ್ನು ಮಡಚಿದಾಗ ಒಳಗಿನ ಪುಟಗಳು ಹೊರಕ್ಕೆ ಚಾಚಿ, ಅಂಚು ಕತ್ತರಿಸುವಾಗ ಅವುಗಳ ಹೊರ ಅಂಚು ಕಿರಿದಾಗುತ್ತದೆ. ಹೊರ ಅಂಚನ್ನು 12 ಮಿಲಿಮೀಟರಿಗಿಂತ ಕಡಿಮೆ ಇಡಬೇಡಿ, ಪುಟಸಂಖ್ಯೆಯನ್ನು ಮೂಲೆಗೆ ತಳ್ಳಬೇಡಿ. 56ನೆಯ ಪುಟವನ್ನು 1ರ ಪಕ್ಕಕ್ಕೆ ತರುವ ಜೋಡಣೆಯನ್ನು ಮುದ್ರಕರಿಗೇ ಬಿಟ್ಟು, ಪಿಡಿಎಫ್‌ನಲ್ಲಿ ಬಿಡಿ ಪುಟಗಳನ್ನು ಓದುವ ಕ್ರಮದಲ್ಲೇ ಕೊಡಿ.

ಲೇಖಕರ ಸೂಚಿಯನ್ನು ಅಡ್ಡಹೆಸರಿನಿಂದ ಜೋಡಿಸಬೇಕೇ?

ಉತ್ತರ ಕನ್ನಡದಲ್ಲಿ ಬೇಡ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಅಡ್ಡಹೆಸರಿನಿಂದ ಜೋಡಿಸಿದರೆ ಸೂಚಿಯ ಬಹುಪಾಲು ಹೆಗಡೆ, ಭಟ್ಟ, ನಾಯ್ಕ, ನಾಯಕ, ಗೌಡ, ಶೆಟ್ಟಿ ಎಂಬ ಕೆಲವೇ ರಾಶಿಗಳಾಗುತ್ತದೆ. ಸ್ವಂತ ಹೆಸರಿನಿಂದ ಜೋಡಿಸಿದರೆ ಹುಡುಕುವುದು ಸುಲಭ. ಹೆಸರುಗಳ ಕಾಗುಣಿತವನ್ನು ಏಕರೂಪಗೊಳಿಸುವ ಉತ್ಸಾಹದಲ್ಲಿ ‘ನಾಯ್ಕ’ ಮತ್ತು ‘ನಾಯಕ’ರನ್ನು ಒಂದು ಮಾಡಬಾರದು; ಇಲ್ಲಿ ಅವು ಬೇರೆ ಬೇರೆ ಸಮುದಾಯಗಳ ಹೆಸರುಗಳು. ಭಟ್, ಭಟ್ಟ ಎಂಬ ವ್ಯತ್ಯಾಸವನ್ನೂ ಅವರವರನ್ನು ಕೇಳದೆ ತಿದ್ದಬಾರದು. ಒಬ್ಬರ ಹೆಸರು ಪುಸ್ತಿಕೆಯುದ್ದಕ್ಕೂ ಒಂದೇ ರೀತಿ ಇರಬೇಕೆಂಬುದಷ್ಟೇ ನಿಯಮ.

ಅಕಾರಾದಿ ಜೋಡಣೆಯನ್ನು ಗಣಕಯಂತ್ರಕ್ಕೆ ಬಿಟ್ಟಾಗ ‘ಳ’ದ ಮೇಲೆ ಕಣ್ಣಿಡಿ. ಯೂನಿಕೋಡ್ ಸಂಕೇತಗಳ ಕ್ರಮದಲ್ಲಿ ಳ ಅಕ್ಷರ ಲ ಆದ ಕೂಡಲೇ, ವ ಬರುವ ಮೊದಲೇ ಇದೆ. ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ, ಕೊನೆಯಲ್ಲಿದೆ. ಸಂಕೇತದ ಕ್ರಮದಲ್ಲಿ ಮಾಲತಿ, ಮಾಳವಿಕಾ, ಮಾಸ್ತಿ ಎಂದು ಬರುವುದು ವರ್ಣಮಾಲೆಯಂತೆ ಮಾಲತಿ, ಮಾಸ್ತಿ, ಮಾಳವಿಕಾ ಎಂದಾಗಬೇಕು. ಇಷ್ಟು ಚಿಕ್ಕ ಸೂಚಿಯಲ್ಲಿ ಕೈಯಿಂದಲೇ ಸರಿಪಡಿಸಬಹುದು.

ಸೂಚಿಯಲ್ಲಿ ಹೆಸರಿನ ಮುಂದೆ ಪುಟಸಂಖ್ಯೆಯ ಬದಲು ಪ್ರಬಂಧದ ಸಂಕೇತವನ್ನೇ ಕೊಟ್ಟು, ಅದೇ ಸಂಕೇತವನ್ನು ಪ್ರತಿ ಸಾರಾಂಶದ ಪುಟದ ಹೊರ ಮೂಲೆಯಲ್ಲಿ ಮೇಲೆ ಅಚ್ಚು ಮಾಡಿದರೆ, ಮುಂದಿನ ಪುಟಗಳು ಹೆಚ್ಚು ಕಡಿಮೆಯಾದರೂ ಸೂಚಿ ತಪ್ಪುವುದಿಲ್ಲ.

ಅಚ್ಚಾದ ಮೇಲೆ ಯಾರಾದರೂ ಬರುವುದಿಲ್ಲ ಎಂದರೆ?

ಸಂಕೇತಗಳನ್ನು ಬದಲಿಸಬೇಡಿ, ಮುಂದಿನವರನ್ನು ಹಿಂದಕ್ಕೂ ಎಳೆಯಬೇಡಿ. ಎರಡು ಸಭಾಂಗಣಗಳ ನಡುವೆ ಓಡಾಡುವವರು ವೇಳಾಪಟ್ಟಿಯನ್ನು ನಂಬಿ 10.10ಕ್ಕೆ ಬರುತ್ತಾರೆ, ಅವರು ಕೇಳಬೇಕೆಂದಿದ್ದ ಪ್ರಬಂಧ 9.50ಕ್ಕೇ ಆರಂಭವಾಗಿ ಅಷ್ಟರಲ್ಲಿ ಮುಗಿದಿರಬಾರದು. ಖಾಲಿಯಾದ 20 ನಿಮಿಷವನ್ನು ಹಿಂದಿನ ಪ್ರಬಂಧದ ಚರ್ಚೆಗೆ ಬಳಸುವಂತೆ ಅಧ್ಯಕ್ಷರಿಗೆ ಮೊದಲೇ ತಿಳಿಸಿರಬೇಕು. ಬದಲಾವಣೆಗಳನ್ನೆಲ್ಲ ಒಂದು ತಿದ್ದುಪಡಿ ಚೀಟಿಯಲ್ಲಿ ಸಂಕೇತದ ಕ್ರಮದಲ್ಲಿ ಬರೆದು, ವೇಳಾಪಟ್ಟಿಯಿರುವ 2 ಮತ್ತು 3ನೆಯ ಪುಟಗಳ ನಡುವೆ ಇಟ್ಟು ನೋಂದಣಿಯ ಮೇಜಿನಲ್ಲಿ ಕೊಡಬೇಕು, ಮತ್ತು ಅದೇ ಚೀಟಿಯ ಒಂದೊಂದು ಪ್ರತಿಯನ್ನು ಎರಡೂ ಸಭಾಂಗಣಗಳ ಬಾಗಿಲಿಗೆ ಅಂಟಿಸಬೇಕು.